ಎಕ್ಸ್‌ಪೈರಿಗೆ ಬಿಟ್ಟ ಐಟಿಎಂ ಆಪ್ಷನ್: ಎಸ್‌ಟಿಟಿ ಈಗ ಕಚ್ಚುವುದು ಎಲ್ಲಿ?

ಆಪ್ಷನ್ ಕೊಂಡವನಿಗೆ ಎಸ್‌ಟಿಟಿ ಎಂಬ ಷೇರು ವಹಿವಾಟು ತೆರಿಗೆಯ ಗೊಡವೆ ಇಲ್ಲ, ಅದು ಮಾರಿದವನ ತಲೆಬಿಸಿ. ಟ್ರೇಡಿಂಗ್ ಶುರು ಮಾಡಿದ ಮೊದಲ ವಾರದಲ್ಲೇ ಎಲ್ಲರ ಕಿವಿಗೂ ಬೀಳುವ ಮಾತಿದು. ಮುಕ್ಕಾಲು ಪಾಲು ಸರಿಯೂ ಹೌದು. ಉಳಿದ ಕಾಲು ಪಾಲು ಗೊತ್ತಾಗುವುದು ಎಕ್ಸ್‌ಪೈರಿಯ ಮರುದಿನ, ಲೆಡ್ಜರ್ ತೆರೆದಾಗ.

ಒಂದು ಲೆಕ್ಕ ನೋಡೋಣ. ನಿಫ್ಟಿಯ 25,000 ಕಾಲ್ ಅನ್ನು ಒಬ್ಬರು 260 ರೂಪಾಯಿ ಪ್ರೀಮಿಯಂ ಕೊಟ್ಟು ಒಂದು ಲಾಟ್ ಕೊಂಡಿದ್ದಾರೆ. ಲಾಟ್ ಎಂದರೆ ಈಗ 65, ಹಾಗಾಗಿ ಹಾಕಿದ ಹಣ 16,900 ರೂಪಾಯಿ. ಮಂಗಳವಾರ ಎಕ್ಸ್‌ಪೈರಿ. ಮಾರಲು ಹೋಗದೆ ಹಾಗೇ ಬಿಟ್ಟರು, ನಿಫ್ಟಿ 25,182.40ಕ್ಕೆ ಮುಗಿಯಿತು. ಸ್ಟ್ರೈಕ್‌ಗಿಂತ 182.40 ಅಂಶ ಮೇಲೆ, ಅಂದರೆ 11,856 ರೂಪಾಯಿ ಖಾತೆಗೆ ಬಂತು. ಹಾಕಿದ್ದಕ್ಕೆ ಹೋಲಿಸಿದರೆ 5,044 ರೂಪಾಯಿ ನಷ್ಟ. ಅದರ ಕೆಳಗೆ ಇನ್ನೊಂದು ಸಾಲು: ಎಸ್‌ಟಿಟಿ 18 ರೂಪಾಯಿ. ಆಗ ಏಳುವ ಪ್ರಶ್ನೆ ಎರಡು. ನಾನು ಮಾರಲೇ ಇಲ್ಲ, ಎಸ್‌ಟಿಟಿ ಯಾಕೆ? ನನಗೆ ನಷ್ಟವಾಗಿದೆ, ತೆರಿಗೆ ಯಾಕೆ?

ಹದಿನೆಂಟು ರೂಪಾಯಿಗೆ ಯಾರ ಮನೆಯೂ ಮುಳುಗುವುದಿಲ್ಲ. ಆದರೆ ಆ ಹದಿನೆಂಟು ಹೇಗೆ ಬಂತು ಎಂದು ಅರ್ಥವಾದರೆ ಮಾತ್ರ, ಅದೇ ಲೆಕ್ಕ ಬೇರೆ ಕಡೆ ಲಾಭದ ಮೂರನೇ ಒಂದು ಭಾಗವನ್ನು ತಿನ್ನುವುದು ಕಣ್ಣಿಗೆ ಬೀಳುತ್ತದೆ. ಹತ್ತು ವರ್ಷದ ಹಿಂದಿನ ಭಯವೊಂದು ಈಗ ಯಾಕೆ ಅನಗತ್ಯ ಎಂಬುದೂ ತಿಳಿಯುತ್ತದೆ.

ಇಂಡೆಕ್ಸ್ ಆಪ್ಷನ್ ಯುರೋಪಿಯನ್ ಮಾದರಿಯದು. ಎಕ್ಸ್‌ಪೈರಿಯ ದಿನವಲ್ಲದೆ ಬೇರೆ ದಿನ ಎಕ್ಸರ್‌ಸೈಸ್ ಮಾಡಲು ಬರುವುದಿಲ್ಲ. ಆ ದಿನವೂ ನೀವು ಏನನ್ನೂ ಒತ್ತಬೇಕಿಲ್ಲ. ಮಾರುಕಟ್ಟೆ ಮುಚ್ಚಿದ ಮೇಲೆ, ಇನ್ ದ ಮನಿ, ಅಂದರೆ ಕೊಂಡವನಿಗೆ ಹಣ ಬರಬೇಕಿರುವ ಪ್ರತಿಯೊಂದು ಐಟಿಎಂ ಆಪ್ಷನ್ ಅನ್ನೂ ಕ್ಲಿಯರಿಂಗ್ ಕಾರ್ಪೊರೇಷನ್ ತಾನೇ ಎಕ್ಸರ್‌ಸೈಸ್ ಮಾಡಿ ವ್ಯತ್ಯಾಸದ ಹಣವನ್ನು ನಗದಾಗಿ ಚುಕ್ತಾ ಮಾಡುತ್ತದೆ. ಎಸ್‌ಟಿಟಿ ಕಾನೂನು ಇದನ್ನು ಪ್ರತ್ಯೇಕ ವಹಿವಾಟು ಎಂದೇ ಎಣಿಸುತ್ತದೆ. ಮಾರುಕಟ್ಟೆಯಲ್ಲಿ ಆಪ್ಷನ್ ಮಾರಿದರೆ ಪ್ರೀಮಿಯಂ ಮೇಲೆ ಮಾರಿದವನು ಕಟ್ಟಬೇಕು. ಎಕ್ಸರ್‌ಸೈಸ್ ಆದರೆ ಕೊಂಡವನು ಕಟ್ಟಬೇಕು. ಎದುರಿನ ಮಾರಾಟಗಾರ ತಾನು ಮಾರಿದ ದಿನವೇ ತನ್ನ ಪಾಲನ್ನು ಕಟ್ಟಿ ಮುಗಿಸಿರುತ್ತಾನೆ, ಎಕ್ಸ್‌ಪೈರಿಯಲ್ಲಿ ಅವನಿಗೆ ಮತ್ತೆ ಏನೂ ಇಲ್ಲ. ಔಟ್ ಆಫ್ ದ ಮನಿಯಾಗಿ ಸೊನ್ನೆಗೆ ಹೋದ ಆಪ್ಷನ್‌ಗೂ ಏನೂ ಇಲ್ಲ.

ಎರಡನೇ ಪ್ರಶ್ನೆಗೆ ಉತ್ತರ ಇನ್ನೂ ಸರಳ. ಎಸ್‌ಟಿಟಿ ವಹಿವಾಟಿನ ಮೇಲಿನ ತೆರಿಗೆ, ಲಾಭದ ಮೇಲಿನದಲ್ಲ. ನೀವು 260ಕ್ಕೆ ಕೊಂಡಿರೋ 20ಕ್ಕೆ ಕೊಂಡಿರೋ ಅದಕ್ಕೆ ಗೊತ್ತೂ ಇಲ್ಲ, ಬೇಕಾಗಿಯೂ ಇಲ್ಲ. ಸೆಟಲ್‌ಮೆಂಟ್ ಬೆಲೆಯಿಂದ ಸ್ಟ್ರೈಕ್ ಕಳೆದು, ಉಳಿದದ್ದನ್ನು ಸಂಖ್ಯೆಯಿಂದ ಗುಣಿಸಿ, ಅದರ ಮೇಲೆ ದರ ಹಾಕುತ್ತಾರೆ. 2026ರ ಏಪ್ರಿಲ್ 1ರಿಂದ ಈ ದರ ಶೇ 0.15. ಮೇಲಿನ 11,856 ರೂಪಾಯಿಗೆ ಅದು 17.78, ರೂಪಾಯಿಗೆ ಹೊಂದಿಸಿದರೆ 18.

ಇಷ್ಟು ಸಣ್ಣ ಮೊತ್ತದ ವಿಷಯಕ್ಕೆ ಇಷ್ಟು ದೊಡ್ಡ ಹೆದರಿಕೆ ಹುಟ್ಟಿದ್ದು ಹೇಗೆ? “ಐಟಿಎಂ ಆಪ್ಷನ್ ಇದ್ದರೆ ಮೂರೂವರೆಯೊಳಗೆ ಏನಾದರೂ ಮಾಡಿ ಸ್ಕ್ವೇರ್ ಆಫ್ ಮಾಡು, ಇಲ್ಲದಿದ್ದರೆ ಎಸ್‌ಟಿಟಿ ನುಂಗುತ್ತದೆ” ಎಂದು ಹಳಬರು ಈಗಲೂ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರು ಸುಟ್ಟುಕೊಂಡ ಕಾಲದ ಕಾನೂನೇ ಬೇರೆ ಇತ್ತು.

2004ರ ಅಕ್ಟೋಬರ್‌ನಲ್ಲಿ ಬಂದ ಎಸ್‌ಟಿಟಿಯಲ್ಲಿ, 2008ರಿಂದ ಆಪ್ಷನ್‌ಗೆ ಎರಡು ಬೇರೆ ಬೇರೆ ದರಗಳಾದವು. ಮಾರಿದರೆ ಪ್ರೀಮಿಯಂ ಮೇಲೆ ಒಂದು ಚಿಕ್ಕ ದರ. ಎಕ್ಸರ್‌ಸೈಸ್ ಆದರೆ ಶೇ 0.125, ಅದೂ ಸೆಟಲ್‌ಮೆಂಟ್ ಬೆಲೆಯ ಮೇಲೆ. ತೊಂದರೆ ಇದ್ದದ್ದು ಈ ಕೊನೆಯ ಮಾತಿನಲ್ಲಿ. ಸೆಟಲ್‌ಮೆಂಟ್ ಬೆಲೆ ಎಂದರೆ ನಿಮ್ಮ ಕೈಗೆ ಬರುವ ವ್ಯತ್ಯಾಸವಲ್ಲ, ಇಡೀ ಇಂಡೆಕ್ಸ್‌ನ ಮಟ್ಟ.

ಆ ಕಾಲದ ಲೆಕ್ಕ ಹೀಗೆ ಬರುತ್ತಿತ್ತು. ಲಾಟ್ ಆಗ 75. 11,500 ಕಾಲ್ ಕೈಯಲ್ಲಿದೆ, ನಿಫ್ಟಿ 11,503ಕ್ಕೆ ಮುಗಿಯಿತು ಅಂತಿಟ್ಟುಕೊಳ್ಳಿ. ಮೂರು ಅಂಶಕ್ಕೆ ನಿಮಗೆ ಬರುವುದು 225 ರೂಪಾಯಿ. ತೆರಿಗೆ ಬೀಳುವುದು 11,503ನ್ನು 75ರಿಂದ ಗುಣಿಸಿದ 8,62,725 ರೂಪಾಯಿಯ ಮೇಲೆ, ಅಂದರೆ 1,078 ರೂಪಾಯಿ. ಗೆದ್ದ ಆಪ್ಷನ್‌ನಲ್ಲಿ 853 ರೂಪಾಯಿ ಕೈಯಿಂದ ಕಟ್ಟಬೇಕು. ಹತ್ತು ಲಾಟ್ ಇದ್ದರೆ ಎಂಟೂವರೆ ಸಾವಿರ. ಎಕ್ಸ್‌ಪೈರಿಯ ಕೊನೆಯ ನಿಮಿಷಗಳಲ್ಲಿ ಎರಡು ಮೂರು ರೂಪಾಯಿಗೆ ನೂರಾರು ಆಪ್ಷನ್ ಗುಡ್ಡೆ ಹಾಕಿಕೊಂಡವರಿಗೆ ಬಿದ್ದ ಪೆಟ್ಟನ್ನು ಊಹಿಸಿಕೊಳ್ಳಬಹುದು. ಅದೇ ಆಪ್ಷನ್ ಮೂರು ಅಂಶ ಕೆಳಗೆ ಮುಗಿದು ಸೊನ್ನೆಯಾಗಿದ್ದರೆ ಅವರು ಹೆಚ್ಚು ಸುಖಿಯಾಗಿರುತ್ತಿದ್ದರು. 11,503ರ ಶೇ 0.125 ಎಂದರೆ 14.4 ಅಂಶ. ಅಷ್ಟರೊಳಗೆ ಇನ್ ದ ಮನಿ ಇದ್ದ ಆಪ್ಷನ್ ಎಕ್ಸರ್‌ಸೈಸ್ ಆದರೆ ನಷ್ಟವೇ. ಇದು ಗೊತ್ತಿದ್ದವರು ಕೊನೇ ಗಳಿಗೆಯಲ್ಲಿ ಐಟಿಎಂ ಆಪ್ಷನ್ ಅನ್ನು ಅದರ ನಿಜ ಬೆಲೆಗಿಂತ ಅಷ್ಟು ಕಡಿಮೆಗೆ ಕೇಳುತ್ತಿದ್ದರು, ಕೈಯಲ್ಲಿದ್ದವರು ಬೇರೆ ದಾರಿಯಿಲ್ಲದೆ ಕೊಡುತ್ತಿದ್ದರು. 2017ರಲ್ಲಿ ಎನ್‌ಎಸ್‌ಇ, ಸ್ಟ್ರೈಕ್‌ಗೆ ತೀರಾ ಹತ್ತಿರ ಮುಗಿಯುವ ಆಪ್ಷನ್‌ಗಳನ್ನು ಎಕ್ಸರ್‌ಸೈಸ್ ಮಾಡಬೇಡಿ ಎಂದು ಹೇಳುವ ಸೌಲಭ್ಯವನ್ನೇ ತರಬೇಕಾಯಿತು. ಗೆದ್ದ ಹಣವನ್ನು ಬೇಡ ಎನ್ನಲು ಒಂದು ಅರ್ಜಿ! ಕಾನೂನಿನ ಅವಲಕ್ಷಣಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

2019ರ ಜುಲೈ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಇದನ್ನು ಸರಿಪಡಿಸಿದರು. ಆ ವರ್ಷದ ಸೆಪ್ಟೆಂಬರ್ 1ರಿಂದ ತೆರಿಗೆ ಬೀಳುವುದು ಸೆಟಲ್‌ಮೆಂಟ್ ಬೆಲೆಗೂ ಸ್ಟ್ರೈಕ್‌ಗೂ ನಡುವಿನ ವ್ಯತ್ಯಾಸದ ಮೇಲೆ ಮಾತ್ರ. ಟ್ರೇಡರ್‌ಗಳು ಇನ್‌ಟ್ರಿನ್ಸಿಕ್ ವ್ಯಾಲ್ಯೂ ಎನ್ನುವುದು ಇದನ್ನೇ. ಮೂರು ಅಂಶ ಮೇಲೆ ಮುಗಿದ ಆಪ್ಷನ್‌ಗೆ ಈಗ ಒಂದು ಲಾಟ್‌ಗೆ ಬರುವುದು 195 ರೂಪಾಯಿ, ಅದರ ಎಸ್‌ಟಿಟಿ 30 ಪೈಸೆಯೂ ಇಲ್ಲ. ಬರುವ ಹಣಕ್ಕಿಂತ ತೆರಿಗೆ ಹೆಚ್ಚಾಗಲು ಇನ್ನು ಸಾಧ್ಯವೇ ಇಲ್ಲ.

ಆ ಮೇಲೂ ಒಂದು ಸಣ್ಣ ಅಂತರ ಉಳಿದಿತ್ತು. ಎಕ್ಸರ್‌ಸೈಸ್‌ಗೆ ಶೇ 0.125, ಮಾರಾಟಕ್ಕೆ ಅದಕ್ಕಿಂತ ಕಡಿಮೆ: ಮೊದಲು ಶೇ 0.05, 2023ರ ಏಪ್ರಿಲ್‌ನಿಂದ ಶೇ 0.0625, 2024ರ ಅಕ್ಟೋಬರ್‌ನಿಂದ ಶೇ 0.1. ಒಂದು ಲಕ್ಷ ರೂಪಾಯಿಯ ಐಟಿಎಂ ಆಪ್ಷನ್ ಅನ್ನು ಎಕ್ಸ್‌ಪೈರಿಗೆ ಬಿಡುವ ಬದಲು ಮಾರಿದರೆ ಮೊದಲು 75 ರೂಪಾಯಿ, ಆಮೇಲೆ 62.50, ಕೊನೆಗೆ 25 ರೂಪಾಯಿ ಉಳಿಯುತ್ತಿತ್ತು. 2026ರ ಬಜೆಟ್ ಎರಡನ್ನೂ ಶೇ 0.15ಕ್ಕೆ ಏರಿಸಿತು. ದರ ಏರಿತು ಎಂಬ ಗಲಾಟೆಯಲ್ಲಿ ಎರಡೂ ಸಮವಾದವು ಎಂಬುದನ್ನು ಹೆಚ್ಚು ಜನ ಗಮನಿಸಲಿಲ್ಲ. ಮೂರೂ ಇಪ್ಪತ್ತೊಂಬತ್ತಕ್ಕೆ ಇನ್‌ಟ್ರಿನ್ಸಿಕ್ ಬೆಲೆಗೇ ಮಾರಿದರೂ, ಹಾಗೇ ಬಿಟ್ಟರೂ ಎಸ್‌ಟಿಟಿ ಈಗ ಒಂದೇ. ಮಾರಿದರೆ ಬ್ರೋಕರೇಜ್, ಎಕ್ಸ್‌ಚೇಂಜ್ ಶುಲ್ಕ, ಅವುಗಳ ಮೇಲಿನ ಜಿಎಸ್‌ಟಿ ಸೇರಿಕೊಳ್ಳುತ್ತವೆ. ಎಕ್ಸ್‌ಪೈರಿಗೆ ಬಿಟ್ಟದ್ದಕ್ಕೂ ಕೆಲವು ಬ್ರೋಕರ್‌ಗಳು ಬ್ರೋಕರೇಜ್ ಹಾಕುತ್ತಾರೆ, ಅದನ್ನು ಅವರವರ ಶುಲ್ಕದ ಪಟ್ಟಿಯಲ್ಲಿ ನೋಡಿಕೊಳ್ಳಬೇಕು.

ಹಾಗಾದರೆ ಕೊನೆಯ ನಿಮಿಷಗಳಲ್ಲಿ ಐಟಿಎಂ ಆಪ್ಷನ್ ಈಗಲೂ ತನ್ನ ಬೆಲೆಗಿಂತ ಕಡಿಮೆಗೆ ಹೋಗುವುದು ಕಾಣುತ್ತದಲ್ಲ, ಅದು ಎಸ್‌ಟಿಟಿಯಿಂದಲ್ಲವೇ? ಅಲ್ಲ. ಎಸ್‌ಟಿಟಿಯ ತಲೆಗೆ ತಪ್ಪಾಗಿ ಕಟ್ಟಿದ ದೊಡ್ಡ ಆರೋಪ ಇದು.

ಮೂರೂ ಇಪ್ಪತ್ತಾರು ಗಂಟೆ. ಸ್ಕ್ರೀನ್ ಮೇಲೆ ನಿಫ್ಟಿ 25,180. ನಿಮ್ಮ ಹತ್ತಿರ 25,100 ಕಾಲ್ ಇದೆ. ಲೆಕ್ಕಕ್ಕೆ 80 ಅಂಶ ಇರಬೇಕು, ಆದರೆ ಕೊಳ್ಳುವವರು ಕೇಳುತ್ತಿರುವುದು 49ಕ್ಕೆ. ಒಂದು ಲಾಟ್‌ಗೆ ಎರಡು ಸಾವಿರ ರೂಪಾಯಿ ಕಡಿಮೆ. 80 ಅಂಶಕ್ಕೆ ಎಸ್‌ಟಿಟಿ ಎಷ್ಟು? 5,200 ರೂಪಾಯಿಯ ಶೇ 0.15, ಎಂಟು ರೂಪಾಯಿಯೂ ತುಂಬದು. ಎಂಟು ರೂಪಾಯಿಗೆ ಹೆದರಿ ಯಾರೂ ಎರಡು ಸಾವಿರ ಬಿಟ್ಟುಕೊಡುವುದಿಲ್ಲ.

ನಿಜವಾದ ಕಾರಣ ಸೆಟಲ್‌ಮೆಂಟ್ ಬೆಲೆಯಲ್ಲಿದೆ. ಇದುವರೆಗೆ ನಡೆದುಬಂದ ಪದ್ಧತಿಯಂತೆ, ಆಪ್ಷನ್ ಚುಕ್ತಾ ಆಗುವುದು ನಿಫ್ಟಿಯ ಕೊನೆಯ ಟಿಕ್ ಮೇಲಲ್ಲ, ಆ ದಿನದ ಕ್ಲೋಸಿಂಗ್ ಬೆಲೆಯ ಮೇಲೆ. ಕ್ಲೋಸಿಂಗ್ ಬೆಲೆ ಬರುವುದು ನಿಫ್ಟಿಯೊಳಗಿನ ಷೇರುಗಳು ಕೊನೆಯ ಅರ್ಧ ಗಂಟೆಯಲ್ಲಿ ಎಷ್ಟೆಷ್ಟು ಬೆಲೆಗೆ ಎಷ್ಟೆಷ್ಟು ಕೈಬದಲಾದವು ಎಂಬುದರ ಸರಾಸರಿಯಿಂದ. ಮೂರು ಗಂಟೆಯಿಂದ ನಿಫ್ಟಿ 25,145ರ ಆಸುಪಾಸಿನಲ್ಲೇ ಇದ್ದು, ಕೊನೆಗೆ ಐದು ನಿಮಿಷ 25,180ಕ್ಕೆ ಜಿಗಿದಿದ್ದರೆ, ಆ ಜಿಗಿತಕ್ಕೆ ಸರಾಸರಿಯಲ್ಲಿ ಸಿಗುವ ತೂಕ ಕಡಿಮೆ. ಕ್ಲೋಸಿಂಗ್ 25,151ಕ್ಕೆ ಬಂದು ನಿಲ್ಲುತ್ತದೆ. 49ಕ್ಕೆ ಕೇಳಿದವರು ಈ ಸರಾಸರಿಯನ್ನು ಲೆಕ್ಕ ಹಾಕುತ್ತಲೇ ಕೂತಿದ್ದವರು, ಅವರು ಕೇಳಿದ ಬೆಲೆ ಹೆಚ್ಚುಕಡಿಮೆ ನ್ಯಾಯದ್ದೇ.

80 ಅಂಶ ಸಿಗುತ್ತದೆಂದು ಬಿಟ್ಟವರ ಖಾತೆಗೆ ಮರುದಿನ ಬರುವುದು 51 ಅಂಶದ 3,315 ರೂಪಾಯಿ. 5,200 ನಿರೀಕ್ಷಿಸಿದ್ದರು, 1,885 ರೂಪಾಯಿ ಕಾಣೆ. ಪಕ್ಕದಲ್ಲಿ ಎಸ್‌ಟಿಟಿ ಎಂಬ ಸಾಲೂ ಇದೆ. ಹಳೆಯ ಕಥೆ ಕೇಳಿದ್ದವರು ಎರಡನ್ನೂ ಜೋಡಿಸಿಬಿಡುತ್ತಾರೆ. ಸಾಲನ್ನು ಪೂರ್ತಿ ಓದಿದರೆ ಎಸ್‌ಟಿಟಿ ಬರೀ ಐದು ರೂಪಾಯಿ. ಖಾತೆಗೆ ಬಂದ ಹಣವನ್ನು ಲಾಟ್ ಸಂಖ್ಯೆಯಿಂದ ಭಾಗಿಸಿ, ಕಾಲ್ ಆದರೆ ಅದಕ್ಕೆ ಸ್ಟ್ರೈಕ್ ಕೂಡಿಸಿ ನೋಡಿ. ಎಕ್ಸ್‌ಚೇಂಜ್ ಪ್ರಕಟಿಸಿದ ಕ್ಲೋಸಿಂಗ್ ಬೆಲೆಗೆ ಅದು ತಾಳೆಯಾದರೆ ಹಣವನ್ನು ತೆರಿಗೆ ತಿಂದಿಲ್ಲ, ನೀವು ನೋಡುತ್ತಿದ್ದ ಬೆಲೆಯೇ ಚುಕ್ತಾ ಬೆಲೆ ಆಗಿರಲಿಲ್ಲ.

ಇಷ್ಟಾದ ಮೇಲೆ ಎಸ್‌ಟಿಟಿ ಪೂರ್ತಿ ನಿರುಪದ್ರವಿ ಅನ್ನಿಸಬಹುದು. ಒಂಟಿ ಆಪ್ಷನ್ ಕೊಂಡವರ ಮಟ್ಟಿಗೆ ಬಹುಪಾಲು ಹೌದು. ಒಂದು ಆಪ್ಷನ್ ಕೊಂಡು ಇನ್ನೊಂದನ್ನು ಮಾರುವ ಎರಡು ಕಾಲಿನ ವಹಿವಾಟಿಗೆ, ಅದರಲ್ಲೂ ಎರಡೂ ಕಾಲು ಆಳವಾಗಿ ಇನ್ ದ ಮನಿ ಇರುವ ಸ್ಪ್ರೆಡ್‌ಗೆ ಬಂದಾಗ ಮಾತು ಬೇರೆ.

ನಿಫ್ಟಿ 25,600ರಲ್ಲಿದೆ. ಎಕ್ಸ್‌ಪೈರಿ ಹತ್ತಿರದಲ್ಲಿದೆ. ಈ ಕೆಲವು ದಿನದಲ್ಲಿ 25,000ಕ್ಕಿಂತ ಕೆಳಗೆ ಹೋಗಲಾರದು ಎಂದು ಒಬ್ಬರ ನಂಬಿಕೆ. ಅವರು 24,900 ಕಾಲ್ ಅನ್ನು 704ಕ್ಕೆ ಕೊಂಡು, 25,000 ಕಾಲ್ ಅನ್ನು 610ಕ್ಕೆ ಮಾರುತ್ತಾರೆ. ಹೋದದ್ದು 94 ಅಂಶ. ನಿಫ್ಟಿ 25,000ದ ಮೇಲೆ ಎಲ್ಲೇ ಮುಗಿಯಲಿ, ಬರುವುದು ಸರಿಯಾಗಿ 100 ಅಂಶ. ಆರು ಅಂಶ ಲಾಭ, ಒಂದು ಲಾಟ್‌ಗೆ 390 ರೂಪಾಯಿ. ಆ 390ಕ್ಕಾಗಿ 6,110 ರೂಪಾಯಿ ಪಣಕ್ಕಿಟ್ಟಿದ್ದಾರೆ ಎಂಬುದು ಬೇರೆ ಮಾತು, ಆ ಜಾಣತನದ ಚರ್ಚೆ ಇಲ್ಲಿ ಬೇಡ. ನಂಬಿಕೆ ಫಲಿಸಿತು, ನಿಫ್ಟಿ 25,600ರಲ್ಲೇ ಮುಗಿಯಿತು ಎಂದುಕೊಳ್ಳೋಣ.

ತೆರಿಗೆ ಎರಡು ಸಲ ಬೀಳುತ್ತದೆ. ಮೊದಲನೆಯದು 25,000 ಕಾಲ್ ಮಾರಿದ ದಿನ, 610 ಅಂಶದ ಪ್ರೀಮಿಯಂ ಮೇಲೆ. 39,650 ರೂಪಾಯಿಗೆ 59.48. ಎರಡನೆಯದು ಎಕ್ಸ್‌ಪೈರಿಯಂದು, ಕೊಂಡಿದ್ದ 24,900 ಕಾಲ್ ಎಕ್ಸರ್‌ಸೈಸ್ ಆದಾಗ, 700 ಅಂಶದ ಮೇಲೆ. 45,500 ರೂಪಾಯಿಗೆ 68.25. ಒಟ್ಟು 128 ರೂಪಾಯಿ. 390ರಲ್ಲಿ ಮೂರನೇ ಒಂದು ಭಾಗ ಹೋಯಿತು, ಬ್ರೋಕರೇಜ್ ಇನ್ನೂ ಲೆಕ್ಕಕ್ಕೆ ಸೇರಿಲ್ಲ.

ಹೀಗಾಗುವುದಕ್ಕೆ ಕಾರಣ, ಎಸ್‌ಟಿಟಿಯ ಕಣ್ಣಿಗೆ ಸ್ಪ್ರೆಡ್ ಎಂಬುದೇ ಇಲ್ಲ. ನಿಮಗೆ ಬರುವುದು 100 ಅಂಶ. ಆದರೆ ಕೊಂಡ ಕಾಲಿನಲ್ಲಿ 700 ಬಂದು, ಮಾರಿದ ಕಾಲಿನಲ್ಲಿ 600 ಹೋಗಿ, ಉಳಿದದ್ದು ಆ 100. ಬಂದ 700ಕ್ಕೆ ತೆರಿಗೆ ಇದೆ, ಹೋದ 600ಕ್ಕೆ ಯಾವ ವಜಾವೂ ಇಲ್ಲ. ಇನ್ನೊಂದು ವಿಚಿತ್ರವನ್ನೂ ನೋಡಿ. ನಿಫ್ಟಿ 25,600ರ ಬದಲು 25,900ಕ್ಕೆ ಮುಗಿದಿದ್ದರೆ ಲಾಭ ಅದೇ 390. ಎಕ್ಸ್‌ಪೈರಿಯ ಎಸ್‌ಟಿಟಿ ಮಾತ್ರ 68ರಿಂದ 97.50ಕ್ಕೆ ಏರುತ್ತಿತ್ತು. ಮಾರುಕಟ್ಟೆ ನಿಮ್ಮ ಕಡೆಗೇ ಹೆಚ್ಚು ಹೋದಷ್ಟೂ ಬರುವ ಹಣ ನಿಂತಲ್ಲೇ, ತೆರಿಗೆ ಮೇಲೆ. ಲಾಭ ಮೊದಲೇ ಗೊತ್ತು, ಖರ್ಚು ಎಕ್ಸ್‌ಪೈರಿಯವರೆಗೂ ಗೊತ್ತಿಲ್ಲ. ಬಾಕ್ಸ್ ಸ್ಪ್ರೆಡ್ ಹಾಕಿ ಖಚಿತ ಲಾಭ ಎಂದುಕೊಳ್ಳುವವರು ಎಡವುವುದೂ ಇಲ್ಲೇ. ಅಲ್ಲಿ ಕಾಲುಗಳು ನಾಲ್ಕು, ಲಾಭ ಇನ್ನೂ ತೆಳು.

ಎಕ್ಸ್‌ಪೈರಿಗೆ ಬಿಡದೆ ಎರಡೂ ಕಾಲನ್ನು ಮೊದಲೇ ಮುಚ್ಚಿದರೆ ಉಳಿಯುತ್ತದೆಯೇ ಎಂದರೆ, ಅದೂ ಇಲ್ಲ. 24,900 ಕಾಲ್ ಅನ್ನು 700ಕ್ಕೆ ಮಾರಿದರೆ ಪ್ರೀಮಿಯಂ ಮೇಲೆ ಅದೇ 68.25. ಮೇಲಿಂದ ಎರಡು ಆರ್ಡರ್‌ಗಳ ಶುಲ್ಕ. ಜೊತೆಗೆ ಆಳದ ಐಟಿಎಂ ಕಾಲ್‌ಗಳಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ಅಂತರ ದೊಡ್ಡದು, ನಾಲ್ಕೈದು ಅಂಶ ಅಲ್ಲೇ ಸೋರಿಹೋದರೆ ಆರು ಅಂಶದ ಲಾಭದಲ್ಲಿ ಉಳಿಯುವುದೇನು?

ದಾರಿ ಇರುವುದು ಹೊರಬರುವಾಗಲ್ಲ, ಒಳಗೆ ಹೋಗುವಾಗ. ಅದೇ ನಂಬಿಕೆಗೆ, ಅದೇ ಸ್ಟ್ರೈಕ್‌ಗಳಿಗೆ ಪುಟ್‌ಗಳೂ ಇವೆ. 25,000 ಪುಟ್ ಅನ್ನು 9ಕ್ಕೆ ಮಾರಿ, 24,900 ಪುಟ್ ಅನ್ನು 3ಕ್ಕೆ ಕೊಂಡರೆ ಆರು ಅಂಶ ಮೊದಲೇ ಕೈಗೆ ಬರುತ್ತದೆ. ನಿಫ್ಟಿ 25,000ದ ಮೇಲೆ ಮುಗಿದರೆ ಎರಡೂ ಸೊನ್ನೆ, ಆ 390 ರೂಪಾಯಿ ನಿಮ್ಮದು. 24,900ಕ್ಕಿಂತ ಕೆಳಗೆ ಹೋದರೆ ಇಲ್ಲೂ 6,110 ರೂಪಾಯಿ ನಷ್ಟ. ಕಾಲ್ ಸ್ಪ್ರೆಡ್‌ಗೂ ಇದಕ್ಕೂ ಲಾಭನಷ್ಟದಲ್ಲಿ ಕೂದಲಿನಷ್ಟೂ ವ್ಯತ್ಯಾಸವಿಲ್ಲ, ಪುಟ್ ಮತ್ತು ಕಾಲ್ ಬೆಲೆಗಳು ಒಂದಕ್ಕೊಂದು ಕಟ್ಟಿಕೊಂಡೇ ಇರುತ್ತವೆ. ಎಸ್‌ಟಿಟಿ ಮಾತ್ರ ಬೇರೆ. ಮಾರಿದ್ದು 9 ಅಂಶ, ಅಂದರೆ 585 ರೂಪಾಯಿ, ಅದರ ತೆರಿಗೆ 88 ಪೈಸೆ. ಎಕ್ಸ್‌ಪೈರಿಯಲ್ಲಿ ಎರಡೂ ಔಟ್ ಆಫ್ ದ ಮನಿ, ಅಲ್ಲಿ ಸೊನ್ನೆ. ಒಂದೇ ಲಾಭಕ್ಕೆ ಒಂದು ಕಡೆ 128 ರೂಪಾಯಿ, ಇನ್ನೊಂದು ಕಡೆ ಒಂದು ರೂಪಾಯಿ.

ಪುಟ್ ದಾರಿಯಲ್ಲೂ ಎಸ್‌ಟಿಟಿ ಪೂರ್ತಿ ತಪ್ಪುವುದಿಲ್ಲ. ಲೆಕ್ಕ ತಲೆಕೆಳಗಾಗಿ ನಿಫ್ಟಿ 24,500ಕ್ಕೆ ಬಿದ್ದರೆ, ಕೊಂಡಿದ್ದ 24,900 ಪುಟ್ 400 ಅಂಶ ಇನ್ ದ ಮನಿಯಾಗಿ ಎಕ್ಸರ್‌ಸೈಸ್ ಆಗುತ್ತದೆ, 26,000 ರೂಪಾಯಿಯ ಮೇಲೆ 39 ರೂಪಾಯಿ ಬೀಳುತ್ತದೆ. 6,110 ಕಳೆದುಕೊಂಡ ದಿನ ಈ 39 ಯಾರ ಗಮನಕ್ಕೂ ಬಾರದು, ಅಷ್ಟೇ. ಮಾರ್ಜಿನ್ ಎರಡರಲ್ಲೂ ಬೇಕು, ಎಕ್ಸ್‌ಪೈರಿಯ ದಿನ ಮಾರಿದ ಕಾಲಿಗೆ ಹೆಚ್ಚುವರಿ ಮಾರ್ಜಿನ್ ಬೀಳುವುದೂ ಎರಡಕ್ಕೂ ಸಮಾನ. ಆರ್ಡರ್ ಹಾಕುವ ಮುಂಚೆ ಬ್ರೋಕರ್‌ನ ಮಾರ್ಜಿನ್ ಕ್ಯಾಲ್ಕುಲೇಟರ್‌ನಲ್ಲಿ ಎರಡನ್ನೂ ಹಾಕಿ ನೋಡಬಹುದು. ಒಟ್ಟಿನಲ್ಲಿ ಸಣ್ಣ ಲಾಭದ ಸ್ಪ್ರೆಡ್ ಹಾಕುವವರು ಆಳದ ಐಟಿಎಂ ಕಡೆ ಹೋಗಲು ಎಸ್‌ಟಿಟಿಯ ದೃಷ್ಟಿಯಿಂದ ಒಂದೂ ಕಾರಣವಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಲ್ಲಿ ಹೇಳಿದ್ದೆಲ್ಲ ಇಂಡೆಕ್ಸ್ ಆಪ್ಷನ್‌ಗೆ. ಷೇರುಗಳ ಆಪ್ಷನ್‌ಗೆ ಇದೇ ಲೆಕ್ಕ ಹಿಡಿದು ಎಕ್ಸ್‌ಪೈರಿಗೆ ಬಿಟ್ಟರೆ ಕೆಡುತ್ತೀರಿ. ಅಲ್ಲಿ ನಗದು ಚುಕ್ತಾ ಇಲ್ಲ, ಷೇರೇ ಕೈಬದಲಾಗಬೇಕು. ಐಟಿಎಂ ಕಾಲ್ ಬಿಟ್ಟವರು ಸ್ಟ್ರೈಕ್ ಬೆಲೆಗೆ ಇಡೀ ಲಾಟ್ ಷೇರು ಕೊಳ್ಳಬೇಕು, ಡೆಲಿವರಿಯ ಶೇ 0.1 ಎಸ್‌ಟಿಟಿ ಆ ಪೂರ್ತಿ ಮೊತ್ತದ ಮೇಲೆ ಬೀಳುತ್ತದೆ. ಹಳಬರ ಎಚ್ಚರಿಕೆ ಅಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಕೊನೆಗೆ ಆದಾಯ ತೆರಿಗೆಯ ಕಡೆಗೆ. ಆಪ್ಷನ್ ವಹಿವಾಟನ್ನು ವ್ಯಾಪಾರದ ಆದಾಯ ಎಂದು ತೋರಿಸುವುದರಿಂದ ಕಟ್ಟಿದ ಎಸ್‌ಟಿಟಿಯನ್ನು ಖರ್ಚಾಗಿ ಕಳೆಯಬಹುದು. 2008ಕ್ಕೆ ಮುಂಚೆ ಇದಕ್ಕಿಂತ ಉದಾರವಾದ ಏರ್ಪಾಡಿತ್ತು, ಕಟ್ಟಿದ ಎಸ್‌ಟಿಟಿಯನ್ನು ಆ ವ್ಯಾಪಾರದ ಆದಾಯ ತೆರಿಗೆಯಲ್ಲೇ ಮುರಿದುಕೊಳ್ಳಬಹುದಿತ್ತು. ಈಗ ಶೇ 30ರ ದರದಲ್ಲಿ ತೆರಿಗೆ ಕಟ್ಟುವವರಿಗೂ ನೂರು ರೂಪಾಯಿ ಎಸ್‌ಟಿಟಿಗೆ ಉಳಿಯುವುದು ಸುಮಾರು ಮೂವತ್ತು ಮಾತ್ರ, ಅದೂ ಅದನ್ನು ಲೆಕ್ಕದಲ್ಲಿ ತೋರಿಸಿದರೆ. ಆ್ಯಪ್‌ನ ಮೊದಲ ಪುಟದಲ್ಲಿ ಹಸಿರು ಕೆಂಪಿನಲ್ಲಿ ಕಾಣುವ ಲಾಭನಷ್ಟದಲ್ಲಿ ಸಾಮಾನ್ಯವಾಗಿ ಶುಲ್ಕಗಳು ಸೇರಿರುವುದಿಲ್ಲ. ಎಕ್ಸ್‌ಪೈರಿಯ ಎಸ್‌ಟಿಟಿಯಂತೂ ಯಾವ ಆರ್ಡರ್‌ಗೂ ಅಂಟಿಕೊಂಡಿರುವುದಿಲ್ಲ, ಯಾಕೆಂದರೆ ಆರ್ಡರ್ ಹಾಕಿಯೇ ಇಲ್ಲ. ರಿಟರ್ನ್ ಸಲ್ಲಿಸುವಾಗ ಬ್ರೋಕರ್ ಕೊಡುವ ತೆರಿಗೆ ವರದಿಯಲ್ಲಿನ ಒಟ್ಟು ಎಸ್‌ಟಿಟಿಯನ್ನು ವರ್ಷದ ಕಾಂಟ್ರ್ಯಾಕ್ಟ್ ನೋಟ್‌ಗಳ ಜೊತೆ, ವಿಶೇಷವಾಗಿ ಎಕ್ಸ್‌ಪೈರಿ ದಿನಗಳದ್ದರ ಜೊತೆ, ಒಮ್ಮೆ ತಾಳೆ ನೋಡಿದರೆ ಈ ಸಾಲುಗಳು ಬಿಟ್ಟುಹೋಗಿವೆಯೇ ಎಂದು ತಿಳಿಯುತ್ತದೆ.